‘ಏನಿಲ್ಲ’ ಎಂಬ ಮೂರು ಭಾಷೆಯ ಮದ್ದು

ನಿನ್ನೆ ಸಂಜೆ ಅಮ್ಮನ ಶುಗರಿನ ರಿಪೋರ್ಟಿಗೆ ಕಾದು ಬದಿಯಡ್ಕದ ಒಂದು ಲ್ಯಾಬಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗ. ಗಲ್ಫಿನಿಂದ ರಜೆಯಲ್ಲಿ ಬಂದವನಂತೆ. ಒಂದು ಕೈಯಲ್ಲಿ ರಿಪೋರ್ಟು, ಇನ್ನೊಂದು ಕೈಯ ಎರಡು ಬೆರಳು ದವಡೆಯ ಕೆಳಗೆ. ಒತ್ತುವುದು, ಬಿಡುವುದು, ಮೊಬೈಲಲ್ಲಿ ಏನೋ ಓದುವುದು, ಮತ್ತೆ ಒತ್ತುವುದು. ಆ ಬೆರಳುಗಳ ನಡೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆ ಕಸುಬಿನಲ್ಲಿ ನಾನು ಅವನಿಗಿಂತ ಸೀನಿಯರ್!

ರಿಪೋರ್ಟಿನಲ್ಲಿ ಇಎಸ್‌ಆರ್ 22 ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮೈಯಲ್ಲಿ ಎಲ್ಲೋ ಉರಿಯೂತ ಇರಬಹುದು ಅಂತ ಸುಳಿವು ಕೊಡುವ ರಕ್ತಪರೀಕ್ಷೆ ಅದು, ಅಂಕಿ ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಅವನು ಕೌಂಟರಿನ ಹುಡುಗಿಯ ಹತ್ತಿರ ಕೇಳಿದ. ಅವಳು ತಲೆ ಎತ್ತದೆ ಮಲಯಾಳದಲ್ಲಿ “ಒನ್ನುಮಿಲ್ಲ” ಅಂದಳು. ತಾಯಿಗೆ ಫೋನು ಮಾಡಿದ. ಆಚೆಯಿಂದ ತುಳುವಿನಲ್ಲಿ “ದಾಲ ಇಜ್ಜಿ ಮಗಾ” ಅಂತ ಬೆಂಚಿನ ತುದಿವರೆಗೆ ಕೇಳಿತು. ಕೊನೆಗೆ ನನ್ನ ಕಡೆ ತಿರುಗಿ, “ಮಾಷ್ಟ್ರೇ, ನಿಮಗೇನು ಕಾಣ್ತದೆ?” ಅಂದ. ನಾನು ಹೇಳಿದೆ: “ಏನಿಲ್ಲ ಮಾರಾಯ.”

ಹತ್ತು ನಿಮಿಷದಲ್ಲಿ ಮೂರು ಭಾಷೆಯಲ್ಲಿ ‘ಏನಿಲ್ಲ’. ಕಾಸರಗೋಡು ಬಿಟ್ಟರೆ ಇಂಥ ಸೌಭಾಗ್ಯ ಇನ್ನೆಲ್ಲಿ ಸಿಗ್ತದೆ ಹೇಳಿ! ಅವನ ಭುಜ ಸ್ವಲ್ಪ ಕೆಳಗಿಳಿಯಿತು. ಗೋಡೆಯ ಗಡಿಯಾರ ನೋಡಿಕೊಂಡೆ. ಏಳು ನಿಮಿಷ. ಆಮೇಲೆ ಬೆರಳು ಪುನಃ ದವಡೆಗೆ.

ನಿನ್ನೆಯಿಂದ ನನಗೆ ಬರ್ತಿರುವ ಸಿಟ್ಟು ಆ ಹುಡುಗನ ಮೇಲಲ್ಲ, ಈ ‘ಏನಿಲ್ಲ’ದ ಮೇಲೆ. ಅದನ್ನು ಹೇಳಿದವರಲ್ಲಿ ನಾನೂ ಒಬ್ಬ ಅಂತ ಹೊಟ್ಟೆ ಉರೀತದೆ. ಬೇರೆ ಯಾರಾದರೂ ಹೇಳಿದ್ದರೆ ಗೊತ್ತಿಲ್ಲದೆ ಹೇಳಿದರು ಅನ್ನಬಹುದಿತ್ತು.

ನನ್ನ 2018ರ ಕಥೆ ಹಳೆಯ ಮಿತ್ರರಿಗೆ ಗೊತ್ತುಂಟು. ಗೊತ್ತಿಲ್ಲದವರಿಗೆ: ಆ ವರ್ಷ ಹಲ್ಲಿಗೆ ಕೀವಾಗಿ ವಾಸಿಯಾದ ಮೇಲೆ ಎಡದವಡೆಯ ಅಡಿಯಲ್ಲಿ ಕಡಲೆಕಾಳಿನಷ್ಟು ಒಂದು ಗಂಟು ಉಳಿಯಿತು. ಬೆರಳಿಗೆ ಸಿಕ್ಕಿ ಜಾರುವಂಥದ್ದು. ರಾತ್ರಿ ಹನ್ನೊಂದಕ್ಕೆ “neck lump” ಅಂತ ಹುಡುಕಿದೆ. ಹನ್ನೊಂದೂವರೆಗೆ “painless lymph node”. ಹನ್ನೆರಡಕ್ಕೆ “lymphoma early symptoms”. ಅಲ್ಲಿ ಒಂದು ಲಕ್ಷಣ ಬರೆದಿತ್ತು, ರಾತ್ರಿ ವಿಪರೀತ ಬೆವರುವುದು. ಮೇ ತಿಂಗಳು, ಕುಂಬಳೆ ಸೀಮೆ, ಕರೆಂಟಿಲ್ಲ. ಬನಿಯನ್ನು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಲಕ್ಷಣ ತಾಳೆಯಾಯಿತು!

ಒಂದೇ ಗಂಟೆಯಲ್ಲಿ ಹಲ್ಲುನೋವಿನಿಂದ ಕ್ಯಾನ್ಸರಿಗೆ ಹತ್ತಿಸಿದ ಈ ಏಣಿ ನನಗೊಬ್ಬನಿಗೇ ಮೀಸಲಲ್ಲ. 2009ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರಾದ ವೈಟ್ ಮತ್ತು ಹಾರ್ವಿಟ್ಜ್ ಜನರು ರೋಗಲಕ್ಷಣ ಹುಡುಕುವ ರೀತಿಯನ್ನು ನೋಡಿದರು. ತಲೆನೋವಿನಂಥ ದಿನನಿತ್ಯದ ತೊಂದರೆಯಿಂದ ಹೊರಟವರು ಮೆದುಳಿನ ಗಡ್ಡೆಯಂಥ ಅಪರೂಪದ ಕಾಯಿಲೆಗೆ ಹೋಗಿ ತಲುಪುತ್ತಿದ್ದರು. ಕಾರಣ ಸರಳ. ಒಂದು ಕಾಯಿಲೆಯ ಬಗ್ಗೆ ಎಷ್ಟು ಬರೆದಿದ್ದಾರೆ ಎನ್ನುವುದಕ್ಕೂ ಅದು ಎಷ್ಟು ಜನರಿಗೆ ಬರ್ತದೆ ಎನ್ನುವುದಕ್ಕೂ ಸಂಬಂಧ ಇಲ್ಲ. ಹಲ್ಲಿನ ಕೀವು ಇಳಿದ ಮೇಲೂ ಉಳಿದ ಗಂಟಿನ ಬಗ್ಗೆ ಯಾರು ಎಂಟು ಪುಟ ಬರೀತಾರೆ?

ಆದರೆ ಗೂಗಲನ್ನು ಬೈಯುವುದು ಸುಲಭ, ಎಲ್ಲರೂ ಬೈತಾರೆ. ನನ್ನ ತಕರಾರು ಬೇರೆ. ಗೂಗಲ್ ಹಚ್ಚಿದ ಬೆಂಕಿಗೆ ಸೌದೆ ಹಾಕಿದ್ದು ನನ್ನ ಮೇಲೆ ಪ್ರೀತಿ ಇದ್ದವರು.

ಮೊದಲು ಸರ್ಜನ್ ನೋಡಿದರು. ಒಂದು ಸೆಂಟಿಮೀಟರಿಗಿಂತ ಸಣ್ಣದು, ಮೆತ್ತಗುಂಟು, ಜಾರ್ತದೆ. ಗಟ್ಟಿಯಾಗಿ ಒಂದೇ ಕಡೆ ಅಂಟಿಕೊಂಡಿದ್ದರೆ, ಬೆಳೆಯುತ್ತಿದ್ದರೆ, ಕೊರಳೆಲುಬಿನ ಮೇಲ್ಭಾಗದಲ್ಲಿ ಬಂದಿದ್ದರೆ ಆಗ ಸಂಗತಿ ಬೇರೆ ಅಂದರು. ಏನಿಲ್ಲ. ನೆಮ್ಮದಿ ಹನ್ನೊಂದು ದಿನ ಬಂತು. ಆಮೇಲೆ ‘ಅವರು ಸರಿಯಾಗಿ ಒತ್ತಿ ನೋಡಿದ್ದಾರಾ?’ ಅಂತ ಒಂದು ಹುಳ. ಸ್ಕ್ಯಾನ್ ಮಾಡಿಸಿದೆ. ಸೋಂಕಿಗೆ ಊದಿಕೊಂಡ ಸಾಮಾನ್ಯ ಗಂಟು ಅಂತ ಬರೆದು, ‘ಫ್ಯಾಟಿ ಹೈಲಮ್’ ಹಾಗೇ ಉಂಟು ಅಂತಲೂ ಸೇರಿಸಿದ್ದರು. ಅಂದರೆ ಗಂಟಿನ ನಡುವಿನ ಕೊಬ್ಬಿನ ಭಾಗ ಅಳಿದಿಲ್ಲ, ಅದು ಒಳ್ಳೆಯ ಸೂಚನೆ. ನೆಮ್ಮದಿ ಆರು ದಿನ. ಏಳನೆಯ ದಿನ ಆ ಫ್ಯಾಟಿ ಹೈಲಮ್ಮನ್ನೇ ಹುಡುಕಲು ಕೂತೆ. ಕಾಸರಗೋಡಿನಲ್ಲಿ ಇನ್ನೊಬ್ಬ ಡಾಕ್ಟ್ರು, ಎರಡು ದಿನ. ಮನೆಯಲ್ಲಿ ಹೆಂಡತಿ “ಏನಿಲ್ಲ ಇವ್ರೇ” ಅಂದರೆ ಚಾ ಆರುವಷ್ಟು ಹೊತ್ತು.

ಲೆಕ್ಕ ನೋಡಿ: ಹನ್ನೊಂದು ದಿನ, ಆರು ದಿನ, ಎರಡು ದಿನ, ಒಂದು ಲೋಟ ಚಾ. ಎಲೆ-ಅಡಿಕೆ ತಿನ್ನುವವನಿಗೆ ಹೊತ್ತು ಹೋದಂತೆ ಹೊಗೆಸೊಪ್ಪು ಜಾಸ್ತಿ ಬೇಕಾದ ಹಾಗೆ. ಪ್ರತಿ ‘ಏನಿಲ್ಲ’ವೂ ಕೆಲಸ ಮಾಡಿತು, ಅದೇ ತೊಂದರೆ. ಭಯ ಇಳಿದ ಆ ಕ್ಷಣದ ಹಾಯ್ ಅನ್ನುವ ಸುಖ ಇದೆಯಲ್ಲ, ಮನಸ್ಸು ಅದನ್ನು ಬಹುಮಾನ ಅಂತ ಬರೆದಿಟ್ಟುಕೊಳ್ತದೆ. ಭಯ ಬಂದರೆ ಕೇಳು, ಕೇಳಿದರೆ ಇಳೀತದೆ. ಕೇಳದೆ ಸುಮ್ಮನಿದ್ದರೂ ಅದು ತಾನಾಗಿ ಇಳೀತದೆ ಅಂತ ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. 1986ರಲ್ಲೇ ಬ್ರಿಟನ್ನಿನ ಮನೋತಜ್ಞರಾದ ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ ಇದನ್ನು ಹೇಳಿದ್ದರು: ಕೊಳೆಯ ಭಯ ಇದ್ದವನಿಗೆ ಕೈ ತೊಳೆಯುವುದು ಹೇಗೋ, ಕಾಯಿಲೆಯ ಭಯ ಇದ್ದವನಿಗೆ ಈ ಭರವಸೆ ಕೇಳುವುದು ಹಾಗೆ. ತೊಳೆದಷ್ಟೂ ಕೊಳೆ ಕಾಣ್ತದೆ.

ಇದನ್ನು ನನಗೆ ಹೇಳಿದವರು ಮಂಗಳೂರಿನ ಒಬ್ಬ ಮನೋವೈದ್ಯೆ. (ತಲಪಾಡಿ ದಾಟಿ ಅಷ್ಟು ದೂರ ಹೋದದ್ದು ಇಲ್ಲಿ ಯಾರಾದರೂ ನೋಡಿಬಿಟ್ಟಾರು ಅಂತ. ಹೌದು, ಮಾಷ್ಟ್ರಿಗೂ ನಾಚಿಕೆ ಇರ್ತದೆ.) ಅವರು ನನ್ನ ಗಂಟನ್ನು ಮುಟ್ಟಲೇ ಇಲ್ಲ. ನನಗೆ ಸಿಟ್ಟು ಬಂತು, ಇಷ್ಟು ಫೀಸು ಕೊಟ್ಟು ಮುಟ್ಟಿಸಿಕೊಳ್ಳದೆ ಬರುವುದಾ? ಬದಲಿಗೆ, “ದಿನಕ್ಕೆ ಎಷ್ಟು ಸಲ ಒತ್ತಿ ನೋಡ್ತೀರಿ?” ಅಂತ ಕೇಳಿದರು. ಐದಾರು ಸಲ ಅಂದೆ. ಕಿಸೆ ಡೈರಿಯಲ್ಲಿ ಗೀಟು ಹಾಕಿ ಎಣಿಸಿ ಬನ್ನಿ ಅಂದರು. ಮೊದಲ ದಿನ 71 ಗೀಟು! ಏಳನೇ ಕ್ಲಾಸಿಗೆ ಸಂಧಿ ಹೇಳಿಕೊಡುತ್ತಲೇ ಹನ್ನೆರಡು ಸಲ ಒತ್ತಿದ್ದೆ.

ಮುಂದಿನ ಭೇಟಿಯಲ್ಲಿ ವಿಚಿತ್ರ ಹೋಂವರ್ಕು. ಎಡಬದಿ ಬಿಡಿ, ಏನೂ ಇಲ್ಲದ ಬಲದವಡೆಯ ಅಡಿಯನ್ನು ಎರಡು ದಿನ ಅಷ್ಟೇ ಸಲ, ಅಷ್ಟೇ ಜೋರಾಗಿ ಒತ್ತಿ ಅಂದರು. ಮಾಡಿದೆ. ಎರಡನೆಯ ದಿನ ಸಂಜೆಗೆ ಬಲಬದಿ ನೋಯಲು ಸುರುವಾಯಿತು. ಮುಟ್ಟಿದರೆ ದಪ್ಪಗಾದ ಹಾಗೆ, ಉಗುಳು ನುಂಗುವಾಗ ಎಳೆದ ಹಾಗೆ. ಕನ್ನಡಿಯಲ್ಲಿ ನೋಡಿದರೆ ಚರ್ಮ ಕೆಂಪು. ಎಡಬದಿ ‘ಬೆಳೆಯುತ್ತಿದೆ’ ಅಂತ ಎರಡು ತಿಂಗಳಿಂದ ನಾನು ಊರಿಗೆಲ್ಲ ಹೇಳುತ್ತಿದ್ದೆನಲ್ಲ, ಅದನ್ನು ಬೆಳೆಸುತ್ತಿದ್ದದ್ದು ನನ್ನದೇ ಹೆಬ್ಬೆರಳು. ಬಚ್ಚಲಲ್ಲಿ ನಿಂತು ಒಬ್ಬನೇ ನಕ್ಕೆ, ಮತ್ತೆ ಸ್ವಲ್ಪ ಅತ್ತೆ.

ಅಲ್ಲಿಂದ ಮುಂದೆ ಕಟ್ಟಳೆ ಎರಡೇ. ಒತ್ತಿ ನೋಡುವುದು ಭಾನುವಾರ ಬೆಳಗ್ಗೆ ಒಂದು ಸಲ. ಹುಡುಕಬೇಕು ಅನಿಸಿದರೆ ಅರ್ಧ ಗಂಟೆ ತಡೆದು ಆಮೇಲೆ ನೋಡುವುದು. ಹೆಚ್ಚಿನ ಸಲ ಆ ಅರ್ಧ ಗಂಟೆಯಲ್ಲಿ ಅಲೆ ತಾನಾಗಿ ಇಳಿದಿರ್ತಿತ್ತು. ಕಷ್ಟದ ಕಟ್ಟಳೆ ಹೆಂಡತಿಗೆ. ನಾನು ಕೇಳಿದರೆ ‘ಏನಿಲ್ಲ’ ಅನ್ನಬಾರದು, ‘ಏನಾದರೂ ಇರಬಹುದು’ ಅಂತಲೂ ಅನ್ನಬಾರದು. “ಇದು ಆ ಪ್ರಶ್ನೆ ಅಲ್ವಾ? ನಾನು ಉತ್ತರ ಹೇಳುವುದಿಲ್ಲ. ಬನ್ನಿ, ತೆಂಗಿನಕಾಯಿ ಸುಲಿದು ಕೊಡಿ” ಅಂತ ಅಷ್ಟೇ.

ಮೊದಲ ಮೂರು ದಿನ ನರಕ. ಭಯ ಇಳಿಯುವ ಬದಲು ಏರಿತು. ನಾನು ಕಳ್ಳದಾರಿ ಹಿಡಿದೆ. “ನಿನ್ನ ಕುತ್ತಿಗೆಯಲ್ಲೂ ಹೀಗೆ ಸಿಗ್ತದಾ, ಸುಮ್ಮನೆ ಮುಟ್ಟಿ ನೋಡು” ಅಂತ ಅವಳದನ್ನು ನೋಡಿಸಿದೆ. ಮೆಡಿಕಲ್ ಶಾಪಿನವನ ಹತ್ತಿರ “ನನ್ನ ಒಬ್ಬ ಫ್ರೆಂಡಿಗೆ…” ಅಂತ ಪೀಠಿಕೆ ಹಾಕಿದೆ. ಭಾವನಿಗೆ ಫೋನು ಮಾಡಿ ಅಡಿಕೆ ರೇಟು ಮಾತಾಡ್ತಾ ಮಾತಾಡ್ತಾ ಗಂಟಿನ ವಿಷಯ ತುರುಕಿದೆ, ಅವನ ಸ್ವರದಲ್ಲಿ ಗಾಬರಿ ಉಂಟಾ ಅಂತ ಕಿವಿಗೊಟ್ಟೆ. ಇವೆಲ್ಲವೂ ಅದೇ ಮಾಲು, ಪ್ಯಾಕೆಟ್ಟು ಬೇರೆ. ಹೆಂಡತಿ ಎಲ್ಲವನ್ನೂ ಹಿಡಿದಳು. ಆ ವಾರ ನಮ್ಮ ಮನೆಯಲ್ಲಿ ಸುಲಿಯದ ತೆಂಗಿನಕಾಯಿ ಒಂದೂ ಉಳಿಯಲಿಲ್ಲ. ನಾಲ್ಕನೆಯ ವಾರ ಡೈರಿಯಲ್ಲಿ ದಿನಕ್ಕೆ ಮೂರು, ನಾಲ್ಕು ಗೀಟು.

ಇಲ್ಲಿ ಕೆಲವರು ಹೇಳುವುದು ಗೊತ್ತುಂಟು. “ಮಾಷ್ಟ್ರೇ, ನಮ್ಮದು ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ. ಇಲ್ಲಿಯವರಿಗೆ ಭಯ ಪಡಬೇಡಿ ಅಂತ ಹೇಳ್ತೀರಾ?” ಎಣ್ಮಕಜೆಯ ಪಡ್ರೆಯ ಮನೆಗಳಿಗೆ ನಾನೂ ಹೋಗಿದ್ದೇನೆ ಸ್ವಾಮೀ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿದರು, 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೆ ಅದು ದೇಶದಲ್ಲಿ ಮಾರಾಟದಲ್ಲಿತ್ತು. ‘ನಮ್ಮ ಮಕ್ಕಳಿಗೆ ಯಾಕೆ ಹೀಗಾಯಿತು’ ಅಂತ ಅಲ್ಲಿಯ ತಾಯಂದಿರು ಕೇಳಿದ ಪ್ರಶ್ನೆಗೆ ವರ್ಷಗಟ್ಟಲೆ ಯಾರೂ ಉತ್ತರವೇ ಕೊಟ್ಟಿರಲಿಲ್ಲ. ನಾನು ಒಂದೇ ಪ್ರಶ್ನೆಗೆ ನಾಲ್ಕು ಕಡೆ ಉತ್ತರ ತೆಗೆದುಕೊಂಡು ಐದನೆಯ ಕಡೆ ಸರತಿ ನಿಂತವನು. ಅವರ ನೋವನ್ನು ನನ್ನ ಚಟಕ್ಕೆ ಸಮರ್ಥನೆಯಾಗಿ ತರಬೇಡಿ.

ಗಂಟು ಕಂಡರೆ ಡಾಕ್ಟ್ರಿಗೆ ತೋರಿಸಲೇಬೇಕು, ದೊಡ್ಡದಾಗ್ತಾ ಹೋದರೆ ಪುನಃ ತೋರಿಸಬೇಕು. ಅಲ್ಲಿ ಹೊಸ ವಿಷಯ ಉಂಟು. ನಿನ್ನೆ ನೋಡಿದ್ದನ್ನೇ, ನಿನ್ನೆಯ ಹಾಗೆಯೇ ಇರುವಾಗ, ಇವತ್ತು ಇನ್ನೊಬ್ಬರಿಂದ ‘ಏನಿಲ್ಲ’ ಅನ್ನಿಸಿಕೊಳ್ಳಲು ಹೋಗುವುದರಲ್ಲಿ ಹೊಸತು ಏನುಂಟು?

ಆ ಹುಡುಗ ನಿನ್ನೆ ಹೊರಡುವಾಗ ನನ್ನ ನಂಬರ್ ತೆಗೆದುಕೊಂಡ. ಇವತ್ತು ಬೆಳಗ್ಗೆಯಿಂದ ಎರಡು ಸಲ ಫೋನು. ಮೊದಲನೆಯದಕ್ಕೆ ‘ಏನಿಲ್ಲ’ ನಾಲಿಗೆಯ ತುದಿವರೆಗೆ ಬಂತು, ನುಂಗಿದೆ. ಡಾಕ್ಟ್ರಿಗೆ ತೋರಿಸಿದ್ದಾನಾ ಅಂತ ಕೇಳಿದೆ. ಇಬ್ಬರಿಗೆ ತೋರಿಸಿ ಆಯ್ತಂತೆ. “ಹಾಗಾದರೆ ದಿನಕ್ಕೆ ಎಷ್ಟು ಸಲ ಒತ್ತುತ್ತೀ, ಎಣಿಸಿ ಸಂಜೆ ಹೇಳು” ಅಂದೆ. ಸ್ವಲ್ಪ ಹೊತ್ತು ಆಚೆಯಿಂದ ಸದ್ದಿಲ್ಲ. ಎರಡನೆಯ ಫೋನಿನಲ್ಲಿ, “ಮಾಷ್ಟ್ರೇ, ಮಧ್ಯಾಹ್ನಕ್ಕೇ 40 ದಾಟಿತು” ಅಂದ.

ಕಮೆಂಟಿನಲ್ಲಿ ಏನು ಬೇಕಾದರೂ ಬರೆಯಿರಿ, ಬೈಯಿರಿ, ಅಡ್ಡಿಯಿಲ್ಲ. ನನ್ನ ಗಂಟು ಈಗ ಹೇಗುಂಟು ಅಂತ ಮಾತ್ರ ಕೇಳಬೇಡಿ ಮಾರಾಯ್ರೇ. ಇವತ್ತು ಗುರುವಾರ, ಉತ್ತರ ಹೇಳಬೇಕಾದರೆ ಮುಟ್ಟಿ ನೋಡಬೇಕಾಗ್ತದೆ.