ಉಳಿದದ್ದೆಲ್ಲ ಮೇಡಂ ನೋಡಿಕೊಳ್ಳುತ್ತಾರೆ

ನಮ್ಮ ಗೌಡ್ರು ಮೊದಲು ಬರೆದ ರಾಜೀನಾಮೆ ಪತ್ರ ನಾಲ್ಕು ಪುಟ ಇತ್ತು. ಮೊದಲ ಪುಟದ ತುಂಬಾ ಅವರ ತಲೆ ಮೇಲಿನ ಫ್ಯಾನು. ಎರಡನೆಯದರಲ್ಲಿ ಬರಬೇಕಾಗಿದ್ದು ಬಾರದೇ ಹೋದ ಬಡ್ತಿ. ಮೂರನೆಯದರಲ್ಲಿ ಅವರ ಕುರ್ಚಿಯನ್ನು ಪರೀಕ್ಷೆಗೆಂದು ಎತ್ತಿಕೊಂಡು ಹೋಗಿ, ವಾಪಸ್ ತರುವಾಗ ಕೈ ಮುರಿದ ಇನ್ನೊಂದು ಕುರ್ಚಿ ತಂದಿಟ್ಟ ಕಥೆ. ನಾಲ್ಕನೇ ಪುಟದ ಕೊನೆಯಲ್ಲಿ ಹೀಗಿತ್ತು: "ಮೇಲಿನ ಬೇಡಿಕೆಗಳು ಈಡೇರದಿದ್ದಲ್ಲಿ ಇದನ್ನೇ ನನ್ನ ರಾಜೀನಾಮೆ ಎಂದು ತಿಳಿಯಬೇಕಾಗಿ ಪ್ರಾರ್ಥನೆ."

ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. "ಗೌಡ್ರೇ, ಇದು ರಾಜೀನಾಮೆನೋ, ಬೆದರಿಕೆನೋ? ಷರತ್ತು ಹಾಕಿದ್ರೆ ಮ್ಯಾನೇಜ್‌ಮೆಂಟಿನವರು ಹೇಗೆ ಒಪ್ತಾರೆ? ಹೋಗ್ತೀರಾ, ಇಲ್ವಾ? ಯಾವತ್ತು ಹೋಗ್ತೀರಾ? ಅಷ್ಟು ಬರೀರಿ ಸಾಕು."

ಗೌಡ್ರಿಗೆ ಹೋಗುವುದಂತೂ ಖಚಿತವಿತ್ತು. ಮಂಡ್ಯದ ಪಕ್ಕದಲ್ಲೇ ಅವರ ಊರು. ಅಣ್ಣನ ಆಲೆಮನೆ ನೋಡಿಕೊಳ್ಳಲು ಜನ ಇಲ್ಲ. ಆದರೂ ಹೊಸ ಪತ್ರ ಬರೆಯುವ ಮುಂಚೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಕಣವ್ವ, ಕೊಟ್ಮೇಲೆ ವಾಪಸ್ ತಗೋಬೋದಾ?"

"ಬಿಡುಗಡೆ ಆಗೋ ಮುಂಚೆ ಕೇಳಿದ್ರೆ ದಾರಿ ಇದೆ ಅಣ್ಣ. ಒಪ್ಪಿಗೆ ಆಗಿ, ರಿಲೀವ್ ಆದ್ಮೇಲೆ ಬಂದು ನನ್ನ ಕುರ್ಚಿ ಕೊಡಿ ಅಂದ್ರೆ ಆಗಲ್ಲ."

"ಆ ಕುರ್ಚಿ ಯಾರಿಗೆ ಬೇಕು ಬಿಡು," ಎಂದು ಹೊಸ ಪತ್ರ ಬರೆದರು.

> ಮಾನ್ಯರೇ,
>
> ವಿಷಯ: ಗುಮಾಸ್ತ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿರುವ ಬಗ್ಗೆ.
>
> ಸ್ವಂತ ಕಾರಣಗಳಿಂದ ನಾನು ನನ್ನ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ಜೂನ್ 30ರಂದು ಕಚೇರಿ ವೇಳೆ ಮುಗಿದ ಮೇಲೆ ನನ್ನನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ. ನನ್ನ ಬಳಿ ಇರುವ ಕಡತಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ.
>
> ತಮ್ಮ ವಿಶ್ವಾಸಿ

ಪತ್ರ ಚೆನ್ನಾಗಿತ್ತು. ಲಗತ್ತು ಮಾತ್ರ ಇರಲಿಲ್ಲ. ಪ್ರಿನ್ಸಿಪಾಲರು ಕೇಳಿದಾಗ ಗೌಡ್ರು ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಸ್ಕೇಲಿನಲ್ಲಿ ಗೆರೆ ಎಳೆದು, ಅಲ್ಲೇ ಒಂದು ಪಟ್ಟಿ ತಯಾರು ಮಾಡಿದರು.

| ಕ್ರ.ಸಂ. | ಕಡತ | ಸ್ಥಿತಿ | ಮುಂದೆ ನೋಡಿಕೊಳ್ಳುವವರು |
|---|---|---|---|
| 1 | ಮಾಹಿತಿ ಹಕ್ಕು ಅರ್ಜಿ | ಪರಿಶೀಲನೆಯಲ್ಲಿದೆ | ಮೇಡಂ |
| 2 | ಲೈಬ್ರರಿ ಟೆಂಡರ್ ಡಿ.ಡಿ. | ಜೋಪಾನವಾಗಿದೆ | ಮೇಡಂ |
| 3 | ನಿವೃತ್ತ ಉಪನ್ಯಾಸಕರ ಪಿಂಚಣಿ | ಕಳಿಸಿದೆ | ಮೇಡಂ |
| 4 | ಇತರೆ | ಮಾಮೂಲಿ | ಮೇಡಂ |

ಆ ಮೇಡಂ ನಾನೇ. ಕೆಳಗೆ "ಮೇಲ್ಕಂಡ ಕಡತಗಳನ್ನು ಸುಸ್ಥಿತಿಯಲ್ಲಿ ವಹಿಸಿಕೊಂಡಿರುತ್ತೇನೆ" ಎಂದು ಬರೆದು ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಇಂಟು ಗುರುತು ಬೇರೆ.

ಕ್ಲರ್ಕ್ ಕೆಲಸದಲ್ಲಿ ಇರುವವರಿಗೆ ಗೊತ್ತು. ಸಹಿ ಬೀಳುವವರೆಗೆ ಕಡತದ ಪಾಪವೆಲ್ಲ ಹೋಗುವವರದ್ದು. ಬಿದ್ದ ಮರುಕ್ಷಣದಿಂದ ಬಂದವರದ್ದು. ಹಾಗಾಗಿ "ಒಂದೊಂದೇ ಬಿಚ್ಚಿ ತೋರಿಸಿ ಅಣ್ಣ, ಆಮೇಲೆ ಸೈನ್ ಹಾಕ್ತೀನಿ" ಎಂದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು. ಇದೆ. ಅವರ ಸ್ಥಿತಿ ಕಾಲಮ್ಮಿನ ಮೇಲೆ ಇರಲಿಲ್ಲ.

ಮೊದಲು ಮಾಹಿತಿ ಹಕ್ಕಿನ ಅರ್ಜಿ ತೆಗೆದೆವು. ಸ್ವೀಕೃತಿ ಸೀಲು ಜೂನ್ 4ರದ್ದು. ನಾವು ಕೂತಿದ್ದ ದಿನ ಜೂನ್ 23. ಅರ್ಜಿ ತಲುಪಿದ ದಿನದಿಂದ 30 ದಿನದೊಳಗೆ ಉತ್ತರ ಕೊಡಬೇಕು. ಅಂದರೆ ಜುಲೈ 4ಕ್ಕೆ ಗಡುವು. ಗೌಡ್ರು ಆ ಹೊತ್ತಿಗೆ ಕೊಪ್ಪರಿಗೆ ಮುಂದೆ ನಿಂತು ಕಬ್ಬಿನ ಹಾಲು ಕುದಿಯುವುದನ್ನು ನೋಡುತ್ತಿರುತ್ತಾರೆ. ನನಗೆ ಉಳಿಯುವುದು ನಾಲ್ಕು ದಿನ.

"ಪರಿಶೀಲನೆ ಅಂದ್ರಲ್ಲ, ಯಾರು ಪರಿಶೀಲಿಸ್ತಿದಾರೆ?"

"ನಾನೇ. ದಿನಾ ನೋಡ್ತಿದ್ದೆ."

ಅರ್ಜಿಯಲ್ಲಿ ಎರಡು ಪ್ರಶ್ನೆ ಇದ್ದವು. ಒಂದು, ಹೋದ ವರ್ಷದ ಪ್ರವೇಶ ಪಟ್ಟಿ. ಅದು ನಮ್ಮ ಹತ್ತಿರವೇ ಇದೆ, ಜೆರಾಕ್ಸ್ ಮಾಡಿಸಿದರೆ ಮುಗಿಯಿತು. ಇನ್ನೊಂದು, ಪಕ್ಕದ ಸರ್ಕಾರಿ ಹಾಸ್ಟೆಲಿನ ಲೆಕ್ಕ. ಅದು ನಮ್ಮದಲ್ಲವೇ ಅಲ್ಲ. ಹೀಗಿದ್ದಾಗ ಆ ಭಾಗವನ್ನು ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಿ, ಅರ್ಜಿದಾರರಿಗೂ ತಿಳಿಸಬೇಕು. ಅದಕ್ಕೆ ಇರುವುದು 5 ದಿನ ಮಾತ್ರ. ಆ 5 ದಿನ ಗೌಡ್ರ ಪರಿಶೀಲನೆಯಲ್ಲೇ ಕಳೆದುಹೋಗಿತ್ತು. ಆದರೂ ಇವತ್ತೇ ಕಳಿಸುವುದು ಕಳಿಸದೇ ಇರುವುದಕ್ಕಿಂತ ವಾಸಿ ಅಲ್ವಾ?

ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಮೊದಲು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಸಕಾರಣ ಇಲ್ಲದೆ ತಡವಾದರೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ, ಹೆಚ್ಚೆಂದರೆ 25,000 ರೂಪಾಯಿವರೆಗೆ ದಂಡ ಹಾಕಬಹುದು, ಅದು ಬೀಳುವುದು ಮಾಹಿತಿ ಅಧಿಕಾರಿಯ ಮೇಲೆ ಎಂದು ನೆನಪಿಸಿದೆ. ನಮ್ಮ ಕಾಲೇಜಿನ ಮಾಹಿತಿ ಅಧಿಕಾರಿ ಅವರೇ. ಸಂಜೆ ನಾಲ್ಕೂವರೆಗೆ ಹಾಸ್ಟೆಲ್ ಭಾಗದ ಪತ್ರ ಸಿದ್ಧವಾಗಿ, ಸಹಿಯಾಗಿ, ಹೊರಗೆ ಹೋಗಿತ್ತು. ನಮ್ಮ ಆಫೀಸಿನಲ್ಲಿ ಅಷ್ಟು ಬೇಗ ಕಾಫಿಯೂ ಬರುವುದಿಲ್ಲ.

ಎರಡನೆಯದು ಡಿ.ಡಿ. ಲೈಬ್ರರಿಗೆ ಬೀರು ಕೊಳ್ಳಲು ಟೆಂಡರ್ ಕರೆದಾಗ ಅಂಗಡಿಯವರು ಠೇವಣಿಯಾಗಿ ಕಟ್ಟಿದ ಇ.ಎಂ.ಡಿ. ಹಣ, 10,000 ರೂಪಾಯಿ. ಟೆಂಡರ್ ಬೇರೆಯವರಿಗೆ ಆಗಿತ್ತು. ಸಿಗದವರಿಗೆ ಅವರ ಡಿ.ಡಿ. ವಾಪಸ್ ಕೊಡಬೇಕಿತ್ತು. ಗೌಡ್ರು ಅದನ್ನು ನಿಜಕ್ಕೂ ಜೋಪಾನ ಮಾಡಿದ್ದರು. ಎಷ್ಟೆಂದರೆ, ಪಂಚಿಂಗ್ ಮೆಷಿನ್ನಿನಲ್ಲಿ ತೂತು ಹೊಡೆದು, ಟ್ಯಾಗ್ ಹಾಕಿ, ಗಂಟು ಬಿಗಿದು ಕಡತಕ್ಕೆ ಸೇರಿಸಿದ್ದರು. ತೂತು ಸರಿಯಾಗಿ ಹತ್ತು ಸಾವಿರದ ಒಂದು ಸೊನ್ನೆಯ ಮೇಲೆ ಬಿದ್ದಿತ್ತು.

"ಸೊನ್ನೆ ತಾನೆ ಹೋಗಿರೋದು," ಎಂದರು.

ನಾನು ತಾರೀಖು ನೋಡಿದೆ. ಫೆಬ್ರವರಿ 12. "ಅಣ್ಣ, ಇದು ಮೇ ತಿಂಗಳಲ್ಲೇ ಸತ್ತುಹೋಗಿದೆ."

"ಡಿ.ಡಿ.ಗೆ ಆರು ತಿಂಗಳು ಕಣವ್ವ. ನನಗೆ ಹೇಳ್ಕೊಡ್ಬೇಡ."

ಆರು ತಿಂಗಳಿತ್ತು, ನಿಜ. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಚೆಕ್ಕಿಗೂ ಡಿ.ಡಿ.ಗೂ ಮೂರೇ ತಿಂಗಳು ಎಂದು ಮಾಡಿತು. ಗೌಡ್ರು ಆ ಸುತ್ತೋಲೆಯನ್ನೂ ಬಹುಶಃ ಎಲ್ಲೋ ಜೋಪಾನವಾಗಿ ಟ್ಯಾಗ್ ಹಾಕಿಟ್ಟಿರಬೇಕು.

ಅವಧಿ ಮುಗಿದರೆ ಹಣವೇನೂ ಮುಳುಗುವುದಿಲ್ಲ. ಡಿ.ಡಿ. ತೆಗೆಸಿದವರು ಅದನ್ನು ಕೊಟ್ಟ ಬ್ಯಾಂಕಿಗೇ ಒಯ್ದು ಮತ್ತೆ ಚಾಲ್ತಿ ಮಾಡಿಸಬಹುದು, ಇಲ್ಲಾ ರದ್ದು ಮಾಡಿಸಿ ಹಣ ತಗೊಳ್ಳಬಹುದು. ಆದರೆ ತೂತು ಬಿದ್ದ ಡಿ.ಡಿ. ಹಿಡಿದುಕೊಂಡು ಕೌಂಟರಿನ ಮುಂದೆ ನಿಲ್ಲುವವರು ಅಂಗಡಿಯವರು. ಆಮೇಲೆ ಅವರು ಬಂದು ನಿಲ್ಲುವುದು ನನ್ನ ಮುಂದೆ. ಹಾಗಾಗಿ ತೂತು ನಮ್ಮ ಕಚೇರಿಯಲ್ಲೇ ಬಿದ್ದದ್ದು ಎಂದು ಒಂದು ಪತ್ರ ಬರೆದು, ಗೌಡ್ರು ಕರಡು ಪ್ರತಿಗೆ ಚಿಕ್ಕ ಸಹಿ ಹಾಕಿ, ಪ್ರಿನ್ಸಿಪಾಲರ ಸೀಲು ಬಿದ್ದ ಮೇಲೆ ಕಳಿಸಿದೆವು. ಕಡತವನ್ನು ಲೆಕ್ಕಪತ್ರ ವಿಭಾಗಕ್ಕೆ ದಾಟಿಸಿದೆ. ಹಣದ ಕಾಗದ ನನ್ನ ಟೇಬಲ್ಲಿಗೆ ಯಾಕೆ? ನನ್ನ ಹೆಸರು ಬರೆದುಬಿಟ್ಟರೆ ಪಟ್ಟಿ ಬೇಗ ಮುಗಿಯುತ್ತದೆ ಅನ್ನುವುದನ್ನು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಮೂರನೇ ಕಡತ ನೋಡಿ ನಿಜಕ್ಕೂ ಬೇಜಾರಾಯಿತು. ಆ ಉಪನ್ಯಾಸಕರು ನನಗೂ ಪಾಠ ಮಾಡಿದವರು. ಆಗಾಗ ಛತ್ರಿ ಹಿಡಿದು ಬಂದು, "ಪೇಪರ್ಸ್ ಹೋಯ್ತೇನಮ್ಮ?" ಎಂದು ಕೇಳಿ, "ಹೋಗಿದೆ ಸಾರ್" ಎಂಬ ಉತ್ತರ ತಗೊಂಡು ಹೋಗುತ್ತಿದ್ದರು. ರವಾನೆ ವಹಿ ತೆಗೆಸಿ ನೋಡಿದೆ. ನಂಬರ್ ಬಿದ್ದಿತ್ತು, ತಾರೀಖೂ ಇತ್ತು. ಅಂಚೆ ರಸೀದಿ ಅಂಟಿಸುವ ಜಾಗ ಖಾಲಿ. ಟಪಾಲಿನ ಹುಡುಗನನ್ನು ಕೇಳಿದರೆ ಡ್ರಾಯರ್ ಎಳೆದ. ಒಳಗೆ ದಪ್ಪ ಕಂದು ಲಕೋಟೆ, ವಿಳಾಸ ಬರೆದು, ಗೋಂದು ಹಚ್ಚಿ, ನೀಟಾಗಿ ಕೂತಿತ್ತು.

"ಅವತ್ತು ಸ್ಪೀಡ್ ಪೋಸ್ಟಿಗೆ ದುಡ್ಡು ಮುಗಿದಿತ್ತು ಮೇಡಂ. ಗೌಡ್ರಿಗೆ ಹೇಳಿದ್ದೆ."

"ನಂಬರ್ ಬಿತ್ತಲ್ಲ, ಹೋಯ್ತು ಅಂದ್ಕೊಂಡೆ," ಎಂದರು ಗೌಡ್ರು. ಈ ಸಲ ಮಾತ್ರ ಅವರ ಮುಖ ಸಣ್ಣಗಾಯಿತು. ತಾವೇ ಲಕೋಟೆ ಕಂಕುಳಲ್ಲಿ ಇಟ್ಟುಕೊಂಡು ಪೋಸ್ಟ್ ಆಫೀಸಿಗೆ ಹೋಗಿ, ರಸೀದಿ ತಂದು, ನಾನು ಕೇಳುವ ಮೊದಲೇ ವಹಿಯಲ್ಲಿ ಅಂಟಿಸಿದರು.

ಮಾರನೇ ದಿನ ಇಬ್ಬರೂ ಕೂತು ಪಟ್ಟಿಯನ್ನು ಮತ್ತೆ ಬರೆದೆವು. ಸ್ಥಿತಿ ಅನ್ನುವ ಕಾಲಮ್ಮನ್ನೇ ಎತ್ತಿಹಾಕಿದೆ.

| ಕಡತ | ಈಗ ಎಲ್ಲಿದೆ | ಆಗಬೇಕಾದ್ದು | ಯಾವಾಗ | ಯಾರು |
|---|---|---|---|---|
| ಮಾಹಿತಿ ಹಕ್ಕು | ಪ್ರಿನ್ಸಿಪಾಲರ ಟೇಬಲ್, ಕರಡು ಉತ್ತರದ ಜೊತೆ | ಪ್ರವೇಶ ಪಟ್ಟಿ ಸೇರಿಸಿ ಉತ್ತರ ಕಳಿಸುವುದು | ಜುಲೈ 4ರೊಳಗೆ | ನಾನು |
| ಟೆಂಡರ್ ಡಿ.ಡಿ. | ಲೆಕ್ಕಪತ್ರ ವಿಭಾಗದ ಬೀರು | ಅಂಗಡಿಯವರಿಂದ ಸಹಿ ಪಡೆದು ಡಿ.ಡಿ. ಕೊಡುವುದು | ಜೂನ್ 30 | ಲೆಕ್ಕದವರು |
| ಪಿಂಚಣಿ | ಅಂಚೆಯಲ್ಲಿ, ರಸೀದಿ ರವಾನೆ ವಹಿಯಲ್ಲಿದೆ | ತಲುಪಿದ್ದು ಖಚಿತ ಮಾಡಿ, ಮೇಷ್ಟ್ರಿಗೆ ಫೋನ್ | ಜುಲೈ 2 | ನಾನು |

"ಇಷ್ಟೊಂದು ಬರೆದ್ರೆ ನಾನೇನು ಕೆಲಸಾನೇ ಮಾಡಿಲ್ಲ ಅನ್ಸುತ್ತಲ್ಲವ್ವ," ಎಂದು ಗೌಡ್ರು ಗೊಣಗಿದರು. ಆದರೂ ಸಹಿ ಹಾಕಿದರು. ನಾನೂ ಹಾಕಿದೆ. ನಾಲ್ಕನೇ ಸಾಲಿನ "ಇತರೆ, ಮಾಮೂಲಿ" ಏನು ಎಂದು ಕೇಳಿದ್ದಕ್ಕೆ, "ಅದು ಏನಿಲ್ಲ ಬಿಡು, ಸುಮ್ನೆ ಬರೆದಿದ್ದೆ" ಎಂದರು. ಬಿಟ್ಟೆವು. 30ನೇ ತಾರೀಖು ಹಾರ ಹಾಕಿ, ಮದ್ದೂರು ವಡೆ ತಿನ್ನಿಸಿ ಕಳಿಸಿಕೊಟ್ಟೆವು.

ಜುಲೈ 1ರ ಬೆಳಿಗ್ಗೆ ಹತ್ತೂಕಾಲಿಗೆ ಇತರೆ ಬಂದು ಕಿಟಕಿ ಮುಂದೆ ನಿಂತಿತು. ಇಪ್ಪತ್ತೆರಡರ ಹುಡುಗ. ಕೈಯಲ್ಲಿ ಹೆಲ್ಮೆಟ್ಟು.

"ಟಿ.ಸಿ. ಕಳೆದೋಗಿದೆ ಮೇಡಂ. ಇನ್ನೊಂದು ಕೊಡ್ತೀನಿ, ಒಂದನೇ ತಾರೀಖು ಬಾ ಅಂದಿದ್ರು ಗೌಡ್ರು."

"ಅರ್ಜಿ ಕೊಟ್ಟಿದೀಯಾ?"

"ಅರ್ಜಿ ಗಿರ್ಜಿ ಏನೂ ಬೇಡ ಅಂದಿದ್ರು."

ಗೌಡ್ರಿಗೆ ಫೋನ್ ಮಾಡಿದೆ. ಹಿಂದೆ ಗಾಣದ ಸದ್ದು. "ಯಾರು, ಆ ಕೆಂಪು ಹೆಲ್ಮೆಟ್ ಹುಡುಗನಾ? ಕೊಟ್ಬಿಡವ್ವ, ನಮ್ಮೂರೋನೇ. ಅವನ ಥರ ಇನ್ನೂ ಏಳೆಂಟು ಜನ ಬರ್ತಾರೆ. ಎಲ್ಲಾರ್ಗೂ ಮಾತು ಕೊಟ್ಟಿದೀನಿ."

ಪಟ್ಟಿಯಲ್ಲಿ ಇಲ್ಲದ ಏಳೆಂಟು ಕಡತ. ಕಾಗದ ಇಲ್ಲ, ನಂಬರ್ ಇಲ್ಲ, ಇರುವುದು ಬರೀ ಬಾಯಿಮಾತು. ಹುಡುಗನನ್ನು ಕೂರಿಸಿ ಒಂದು ಚೀಟಿಯಲ್ಲಿ ಬರೆದೆ: ಅರ್ಜಿ, ಪೊಲೀಸ್ ಸ್ಟೇಷನ್ನಿನಲ್ಲಿ ಕಳೆದುಹೋಗಿದೆ ಎಂದು ಕೊಟ್ಟ ದೂರಿನ ಪ್ರತಿ, ಅಫಿಡವಿಟ್. ಇವು ಮೂರೂ ತಂದ ಮೇಲೆ ಯಾರನ್ನು ಕಾಣಬೇಕು ಎಂಬುದನ್ನೂ ಬರೆದೆ. ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದಕ್ಕೊಂದು ಸೀಲ್ ಹಾಕ್ಕೊಡಿ ಮೇಡಂ," ಎಂದ. "ನಾಳೆ ನೀವೂ ರಾಜೀನಾಮೆ ಕೊಟ್ಬಿಟ್ರೆ?"