ಚುಕ್ಕಿಗಳ ಹಿಂದೆ ಉಳಿದುಹೋದ ‘ಇಲ್ಲ’

ಕಳೆದ ಮಳೆಗಾಲದಲ್ಲಿ ನಾನೇ ಬರೆದ ಒಂದು ಶೀರ್ಷಿಕೆ ಈಗಲೂ ನನ್ನನ್ನು ಕಾಡುತ್ತದೆ. ಸುದ್ದಿ ಜಾಲತಾಣವೊಂದರ ಡೆಸ್ಕ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಕರಾವಳಿಯಲ್ಲಿ ಮಳೆ ಬಿಡದೆ ಸುರಿಯುತ್ತಿತ್ತು. ಮರುದಿನ ಶಾಲೆಗೆ ರಜೆ ಕೊಡುತ್ತಾರೆಯೇ ಎಂದು ಎಲ್ಲರೂ ಕಾಯುತ್ತಿದ್ದಾಗ, ರಜೆ ಇಲ್ಲವೆಂಬ ಮಾಹಿತಿ ಬಂತು. ನಾನು ಹೀಗೆ ಬರೆದೆ: “ಭಾರೀ ಮಳೆ: ನಾಳೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಶಾಲೆಗಳಿಗೆ ರಜೆ ಇಲ್ಲ”. ನನ್ನ ಕಂಪ್ಯೂಟರಿನ ಪರದೆಯಲ್ಲಿ ಅದು ಒಂದೇ ಸಾಲಿನಲ್ಲಿ, ಪೂರ್ತಿಯಾಗಿ ಕಾಣುತ್ತಿತ್ತು. ಬೆಳಿಗ್ಗೆ ಒಬ್ಬ ತಾಯಿ ಕಚೇರಿಗೆ ಫೋನ್ ಮಾಡಿ, “ನೀವೇ ರಜೆ ಅಂತ ಹಾಕಿದ್ದೀರಲ್ಲ ಸರ್, ಮಗೂನ ಮನೆಯಲ್ಲೇ ಉಳಿಸಿಕೊಂಡೆ” ಎಂದರು. ಅವರ ಮೊಬೈಲಿನಲ್ಲಿ ಕಂಡದ್ದು ಎರಡೇ ಸಾಲು, ಮತ್ತು ಎರಡನೆಯ ಸಾಲಿನ ಕೊನೆಯಲ್ಲಿ ಇದ್ದದ್ದು “ಶಾಲೆಗಳಿಗೆ ರಜೆ…” ಎಂಬ ಮಾತು. ‘ಇಲ್ಲ’ ಎಂಬ ಪದ ಮೂರನೆಯ ಸಾಲಿಗೆ ಇಳಿದಿತ್ತು, ಮೂರನೆಯ ಸಾಲನ್ನು ಆ ಪುಟ ತೋರಿಸುತ್ತಿರಲಿಲ್ಲ.

ಹೀಗಾದದ್ದು ಹೇಗೆಂದು ಆಮೇಲೆ ಕುಳಿತು ಅಳೆದು ನೋಡಿದೆ. ಬಹಳಷ್ಟು ಸಾಮಾನ್ಯ ಫೋನುಗಳಲ್ಲಿ ಪುಟದ ಅಗಲವನ್ನು 360 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತಾರೆ. ಬಲಗಡೆ ಚಿತ್ರ, ಸುತ್ತ ಅಂಚು ಬಿಟ್ಟರೆ ನಮ್ಮ ಪುಟದಲ್ಲಿ ಶೀರ್ಷಿಕೆಗೆ ಉಳಿಯುತ್ತಿದ್ದುದು ಸುಮಾರು 220 ಪಿಕ್ಸೆಲ್, ಅಂದರೆ ಒಂದು ಸಾಲಿಗೆ ಹದಿಮೂರು ಹದಿನಾಲ್ಕು ಕನ್ನಡದ ಅಕ್ಷರ. ಅದರ ಮೇಲೆ, ಪಟ್ಟಿಯಲ್ಲಿ ಎಲ್ಲ ಸುದ್ದಿಗಳೂ ಒಂದೇ ಎತ್ತರದಲ್ಲಿ ಕೂರಲಿ ಎಂದು ವಿನ್ಯಾಸಕಾರರು ಶೀರ್ಷಿಕೆಯನ್ನು ಎರಡು ಸಾಲಿಗೆ ಕಟ್ಟಿಹಾಕಿದ್ದರು:

```
display: -webkit-box;
-webkit-box-orient: vertical;
-webkit-line-clamp: 2;
overflow: hidden;
```

ಡೆಸ್ಕ್‌ಟಾಪ್ ಪುಟಕ್ಕೆ ಈ ನಿಯಮವೇ ಇರಲಿಲ್ಲ. ಬರೆಯುವವರೆಲ್ಲರೂ ಡೆಸ್ಕ್‌ಟಾಪಿನಲ್ಲಿ ಬರೆಯುತ್ತೇವೆ, ಓದುವವರಲ್ಲಿ ಹೆಚ್ಚಿನವರು ಫೋನಿನಲ್ಲಿ ಓದುತ್ತಾರೆ, ಆದ್ದರಿಂದ ಶೀರ್ಷಿಕೆ ಎಲ್ಲಿ ತುಂಡಾಗುತ್ತದೆ ಎಂಬುದು ಅದನ್ನು ಬರೆದವನ ಕಣ್ಣಿಗೆ ಬೀಳುವುದೇ ಇಲ್ಲ. ಓದುಗರು ತಮ್ಮ ಫೋನಿನಲ್ಲಿ ಅಕ್ಷರದ ಗಾತ್ರವನ್ನು ಹೆಚ್ಚಿಸಿಕೊಂಡಿದ್ದರಂತೂ, ನಮ್ಮ ಮನೆಯ ಹಿರಿಯರೆಲ್ಲ ಹಾಗೆಯೇ ಮಾಡಿಕೊಂಡಿದ್ದಾರೆ, ಕತ್ತರಿ ಇನ್ನೂ ಮುಂಚೆಯೇ ಬೀಳಬಹುದು.

ಎಣಿಕೆಯ ಪೆಟ್ಟಿಗೆ ಎಚ್ಚರಿಸಬೇಕಿತ್ತಲ್ಲ ಎಂದು ಕೇಳಬಹುದು. ನಮ್ಮ ತಂತ್ರಾಂಶದಲ್ಲಿ ಶೀರ್ಷಿಕೆಗೆ 70ರ ಮಿತಿಯಿತ್ತು, ನನ್ನದು 62 ಎಂದು ತೋರಿಸಿ ಪೆಟ್ಟಿಗೆ ಹಸಿರಾಗಿಯೇ ಇತ್ತು. ಆದರೆ ಆ 62 ಯಾವುದರ ಲೆಕ್ಕ? ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಿದರೆ ಆ ಶೀರ್ಷಿಕೆಯಲ್ಲಿ ಇರುವುದು 28. ಯಂತ್ರ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ‘ಲ್ಲೆ’ ನಮಗೆ ಒಂದು ಅಕ್ಷರ, ಅದಕ್ಕೆ ಲ, ಹಲಂತದ ಗುರುತು, ಲ, ಎತ್ವ ಎಂದು ನಾಲ್ಕು. ಜಾಗಗಳನ್ನೂ ವಿರಾಮ ಚಿಹ್ನೆಗಳನ್ನೂ ಸೇರಿಸಿದರೆ 62 ಆಗುತ್ತದೆ. ಬೈಟ್‌ಗಳಲ್ಲಿ ಎಣಿಸುವ ವ್ಯವಸ್ಥೆಗಳೂ ಇವೆ. ವಿಕಿಪೀಡಿಯದಲ್ಲಿ ಪುಟದ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್, ಖಾಲಿ ಜಾಗಕ್ಕೂ ವಿರಾಮ ಚಿಹ್ನೆಗೂ ಒಂದೊಂದೇ ಬೈಟ್ ಬೇಕಾದ್ದರಿಂದ ಅಲ್ಲಿ ನನ್ನ ಶೀರ್ಷಿಕೆಯ ಉದ್ದ 164. ಒಂದೇ ವಾಕ್ಯಕ್ಕೆ 28, 62, 164 ಎಂದು ಮೂರು ಅಳತೆಗಳು, ಮತ್ತು ಫೋನಿನ ಪರದೆ ಇವುಗಳಲ್ಲಿ ಯಾವುದನ್ನೂ ಲೆಕ್ಕಿಸುವುದಿಲ್ಲ, ಅದು ನೋಡುವುದು ಅಗಲವನ್ನು ಮಾತ್ರ.

ನೋಟಿಫಿಕೇಶನ್ ಕಳಿಸುವ ಭಾಗದಲ್ಲಿ ಇನ್ನೂ ಒರಟಾದ ಕತ್ತರಿಯಿತ್ತು. ಅಲ್ಲಿ ಅರವತ್ತಕ್ಕೆ ನಿಲ್ಲಿಸಲೆಂದು ಹೀಗೆ ಬರೆದಿದ್ದರು:

```
title.slice(0, 57) + "..."
```

ಇದೇ ಶೀರ್ಷಿಕೆಯಿಂದ 57 ಸಂಕೇತಗಳನ್ನು ಉಳಿಸಿಕೊಂಡರೆ ಸರಿಯಾಗಿ ‘ರಜೆ’ಗೇ ನಿಲ್ಲುತ್ತದೆ. ಬಿಟ್ಟುಹೋಗುವ ಐದು ಯಾವುವೆಂದರೆ ಒಂದು ಖಾಲಿ ಜಾಗ ಮತ್ತು ‘ಇಲ್ಲ’ ಪದದ ನಾಲ್ಕು ಸಂಕೇತಗಳು. ಅರವತ್ತನ್ನು ಉಳಿಸಿಕೊಂಡಿದ್ದರೆ “ರಜೆ ಇಲ” ಎಂದು ಒತ್ತಕ್ಷರ ಕಳಚಿದ ಪದ ಬರುತ್ತಿತ್ತು. ಅದು ತಪ್ಪಾದರೂ ಓದುಗರಿಗೆ ಏನೋ ತುಂಡಾಗಿದೆ ಎಂಬ ಸುಳಿವಾದರೂ ಸಿಗುತ್ತಿತ್ತು. ಅಚ್ಚುಕಟ್ಟಾಗಿ ಪದದ ಅಂಚಿನಲ್ಲೇ ಬಿದ್ದ ಕತ್ತರಿ ಆ ಸುಳಿವನ್ನೂ ಕೊಡಲಿಲ್ಲ.

ಇಂಗ್ಲಿಷಿಗೆ ಈ ಅಪಾಯ ಇಷ್ಟಿಲ್ಲ, ಏಕೆಂದರೆ ಅಲ್ಲಿ ‘ಇಲ್ಲ’ ಎನ್ನುವ ಮಾತು ಸಾಮಾನ್ಯವಾಗಿ ಕ್ರಿಯಾಪದದ ಹಿಂದೆಮುಂದೆ, ವಾಕ್ಯದ ಮೊದಲ ಭಾಗದಲ್ಲೇ ಬಂದುಬಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಅದರ ನಿಷೇಧ ಅದಕ್ಕೂ ಕೊನೆಗೆ. ‘ಇಲ್ಲ’, ‘ಅಲ್ಲ’, ‘ಬೇಡ’, ‘ಸಾಧ್ಯವಿಲ್ಲ’ ಎಲ್ಲವೂ ಕತ್ತರಿ ಬೀಳುವ ಜಾಗದಲ್ಲೇ ನಿಂತಿರುತ್ತವೆ. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಸತ್ಯಶೋಧನೆಯ ಸುದ್ದಿಗಳು. “ಇಂಥ ಮಾತ್ರೆಯಿಂದ ಸಕ್ಕರೆ ಕಾಯಿಲೆ ಸಂಪೂರ್ಣ ವಾಸಿಯಾಗುತ್ತದೆ ಎಂಬ ಸಂದೇಶ ಸುಳ್ಳು” ಎಂಬ ಶೀರ್ಷಿಕೆ ಫೋನಿನಲ್ಲಿ ‘ವಾಸಿಯಾಗುತ್ತದೆ…’ಗೆ ನಿಂತರೆ, ಸುಳ್ಳನ್ನು ಅಲ್ಲಗಳೆಯಲು ಹೊರಟವರೇ ಅದನ್ನು ಸಾರಿದಂತಾಗುತ್ತದೆ. ಇಂಥಲ್ಲಿ ‘ಸುಳ್ಳು ಸುದ್ದಿ:’ ಎಂದು ಆರಂಭಿಸಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಹೀಗೆ ಹಿಂದುಮುಂದು ಮಾಡಿದರೆ ಕನ್ನಡದ ಜಾಯಮಾನ ಕೆಡುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ‘ಬಾರದ ಪರಿಹಾರ’, ‘ಮುಗಿಯದ ಕಾಮಗಾರಿ’, ‘ತೆರೆಯದ ಖರೀದಿ ಕೇಂದ್ರ’ ಎಂದು ನಮ್ಮ ಪತ್ರಿಕೆಗಳು ಅಂಕಣದ ಅಗಲಕ್ಕೆ ಹೊಂದಿಸಿಕೊಂಡು ಬರೆಯುತ್ತಲೇ ಬಂದಿವೆ. ಈ ನಿಷೇಧ ಕೃದಂತಗಳಲ್ಲಿ ‘ಇಲ್ಲ’ ಎಂಬ ಅರ್ಥ ನಾಮಪದಕ್ಕಿಂತ ಮುಂಚೆಯೇ ಬಂದು ಕೂರುತ್ತದೆ, ಭಾಷೆಗೆ ಯಾವ ಬಲವಂತವೂ ಆಗುವುದಿಲ್ಲ. ಕೃದಂತ ಒಗ್ಗದ ಕಡೆ ವಾಕ್ಯವನ್ನು ಎರಡಾಗಿ ಒಡೆಯಬಹುದು. ಆ ರಾತ್ರಿಯ ಶೀರ್ಷಿಕೆಯನ್ನು ಇಂದು ಬರೆದರೆ “ನಾಳೆ ಶಾಲೆಗೆ ರಜೆಯಿಲ್ಲ: ಉಡುಪಿ, ದಕ್ಷಿಣ ಕನ್ನಡದಲ್ಲಿ ಭಾರೀ ಮಳೆ” ಎಂದು ಬರೆಯುತ್ತೇನೆ. ಮುಖ್ಯವಾದ ಮಾತು ಒಂಬತ್ತು ಅಕ್ಷರಗಳಲ್ಲಿ, ಮೊದಲ ಸಾಲಿನಲ್ಲೇ ಮುಗಿದಿರುತ್ತದೆ. ಕೊನೆಗೆ ‘ಮಳೆ’ ಬಿದ್ದುಹೋದರೂ ಯಾರೂ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ.

ಫೋನಿನಲ್ಲಿ ಯಾವಾಗಲೂ ಕಡಿಮೆಯೇ ಕಾಣುತ್ತದೆ ಎಂದೂ ಇಲ್ಲ. ಗೂಗಲ್ ಹುಡುಕಾಟದಲ್ಲಿ ಶೀರ್ಷಿಕೆಗೆ ಇಂತಿಷ್ಟೇ ಅಕ್ಷರ ಎಂಬ ಮಿತಿಯಿಲ್ಲ, ಸಾಧನದ ಅಗಲ ನೋಡಿ ಕತ್ತರಿಸುತ್ತಾರೆ. ಫೋನಿನಲ್ಲಿ ಶೀರ್ಷಿಕೆ ಎರಡನೆಯ ಸಾಲಿಗೆ ಇಳಿಯುವುದರಿಂದ, ಡೆಸ್ಕ್‌ಟಾಪಿನ ಒಂದು ಸಾಲಿನಲ್ಲಿ ತುಂಡಾದದ್ದು ಅಲ್ಲಿ ಕೆಲವೊಮ್ಮೆ ಪೂರ್ತಿ ಕಾಣುವುದೂ ಉಂಟು. ಆದ್ದರಿಂದ ಒಂದೇ ಸಂಖ್ಯೆಯನ್ನು ನಿಯಮ ಮಾಡಿಕೊಂಡು ಎಲ್ಲ ಕಡೆಗೂ ಅನ್ವಯಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ವಿನ್ಯಾಸಕಾರರಲ್ಲಿ ಇನ್ನೊಂದು ಕೋರಿಕೆಯಿದೆ. ಲ್ಯಾಟಿನ್ ಲಿಪಿಗೆ ಸಾಕಾಗುವ 1.2ರಷ್ಟು ಸಾಲಿನ ಎತ್ತರವನ್ನು ಕನ್ನಡಕ್ಕೂ ಕೊಟ್ಟು, ಮೇಲೆ ತೋರಿಸಿದ `overflow: hidden` ಹಾಕಿದರೆ, ಕೊನೆಯ ಸಾಲಿನ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ‘ಭತ್ತ’ದ ತಾವತ್ತು ಅರ್ಧ ಅಳಿಸಿದಂತೆ ಕಾಣುತ್ತದೆ. ಡೆಸ್ಕ್‌ಟಾಪಿನಲ್ಲಿ ಆ ನಿಯಮವಿಲ್ಲದಿದ್ದರೆ ಅಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಸಾಲಿನ ಎತ್ತರವನ್ನು 1.5ಕ್ಕೆ ಏರಿಸಿದಾಗ ನಮ್ಮ ಪುಟದಲ್ಲಿ ಇದು ಸರಿಹೋಯಿತು.

ನಮ್ಮಲ್ಲಿ ಈಗ ಬರೆಯುವ ಪೆಟ್ಟಿಗೆಯ ಪಕ್ಕದಲ್ಲೇ 220 ಪಿಕ್ಸೆಲ್ ಅಗಲದ, ಎರಡು ಸಾಲಿನ ಮಾದರಿಯೊಂದನ್ನು ಹಾಕಿಸಿದ್ದೇವೆ, ಅಕ್ಷರವನ್ನು ದೊಡ್ಡದು ಮಾಡಿ ನೋಡುವ ಗುಂಡಿಯೂ ಇದೆ. ನೋಟಿಫಿಕೇಶನ್‌ಗೆ ಪ್ರತ್ಯೇಕವಾಗಿ ಕಿರುಶೀರ್ಷಿಕೆ ಬರೆಯುವ ಜಾಗ ಕೊಡಿ ಎಂದು ಕೇಳಿದ್ದೇನೆ. ಅದು ಸಿಗುವವರೆಗೆ, ‘ಇಲ್ಲ’ ಎಂದು ಮುಗಿಯುವ ಶೀರ್ಷಿಕೆ ಪಾಳಿಯಲ್ಲಿ ಯಾರಿಂದ ಬಂದರೂ ಪ್ರಕಟಿಸುವ ಮೊದಲು ಅದನ್ನು ತಿರುಗಿಸಿ ಬರೆಯಿರಿ ಎಂದು ವಾಪಸು ಕಳಿಸುತ್ತಿದ್ದೇನೆ.