ಪ್ರಶ್ನೆ ಒಂದೇ, ಸಿಕ್ಕಿದ್ದು ಬೇರೆ ಬೇರೆ

"ಹುಡುಕುವಾಗ ಪೂರ್ತಿ ಪ್ರಶ್ನೆ ಬರೆಯಬೇಡಿ, ಮುಖ್ಯ ಪದಗಳನ್ನಷ್ಟೇ ಹಾಕಿ" ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ನಾನು ಒಪ್ಪುವುದಿಲ್ಲ. ಎಲ್ಲಿ ಹುಡುಕುತ್ತಿದ್ದೇವೆ, ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ಬಿಟ್ಟು ಹೇಳುವ ಈ ಪಾಠ ಅವರನ್ನು ದಾರಿ ತಪ್ಪಿಸುತ್ತದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವವಳಾಗಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕೇ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ.

ಅವಳಿಗೆ ಭೌತವಿಜ್ಞಾನದ ಪ್ರಬಂಧ ಬರೆಯಬೇಕಿತ್ತು. ಗ್ರಂಥಾಲಯದ ಕ್ಯಾಟಲಾಗಿನಲ್ಲಿ "ರಾತ್ರಿ ದೂರದ ಶಬ್ದ ಏಕೆ ಸ್ಪಷ್ಟವಾಗಿ ಕೇಳುತ್ತದೆ" ಎಂದು ಹಾಕಿದಳು. ಫಲಿತಾಂಶ ಸೊನ್ನೆ. "ಮೇಡಂ, ಇದರ ಬಗ್ಗೆ ಒಂದೂ ಪುಸ್ತಕ ಇಲ್ಲವೇ?" ಎಂದು ಕೇಳಿದಳು.

ಪುಸ್ತಕಗಳಿದ್ದವು. ಕ್ಯಾಟಲಾಗ್ ಅವುಗಳನ್ನು ಬೇರೆ ರೀತಿಯಲ್ಲಿ ನೋಡುತ್ತದೆ, ಅಷ್ಟೇ. ಅದರೊಳಗೆ ಪ್ರತಿಯೊಂದು ಪದಕ್ಕೂ ಒಂದು ಪಟ್ಟಿ ಇರುತ್ತದೆ, ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ: ಈ ಪದ ಯಾವ ಯಾವ ದಾಖಲೆಗಳಲ್ಲಿದೆ ಎಂದು. ಅನೇಕ ಪದಗಳನ್ನು ಕೊಟ್ಟರೆ ಆ ಎಲ್ಲ ಪಟ್ಟಿಗಳಲ್ಲೂ ಇರುವ ದಾಖಲೆಗಳನ್ನು ಮಾತ್ರ ಅದು ಉಳಿಸಿಕೊಳ್ಳುತ್ತದೆ. ಅವಳು ಕೊಟ್ಟ ಆರು ಪದಗಳಲ್ಲಿ ಒಂದೇ ಒಂದು ಇಲ್ಲದಿದ್ದರೂ ಪುಸ್ತಕ ಹೊರಗೆ. ಯಾವ ಗ್ರಂಥದ ಶೀರ್ಷಿಕೆಯಲ್ಲಿ ತಾನೇ "ಸ್ಪಷ್ಟವಾಗಿ" ಎಂದಿರುತ್ತದೆ? ನಮ್ಮಲ್ಲಿರುವಂಥ ಸರಳ ಕ್ಯಾಟಲಾಗಿಗೆ ವಿಭಕ್ತಿಯೂ ಅರ್ಥವಾಗದು. "ದೂರ" ಒಂದು ಪದ, "ದೂರದ" ಇನ್ನೊಂದು.

ಸರಿ, ಮುಖ್ಯ ಪದಗಳು ಎಂದುಕೊಂಡು ಅವಳು ಅಂತರಜಾಲದ ಶೋಧಯಂತ್ರದಲ್ಲಿ "ರಾತ್ರಿ ಶಬ್ದ" ಎಂದು ಹಾಕಿದಳು. ಬಂದದ್ದು ಧ್ವನಿವರ್ಧಕಗಳ ನಿಯಮ, ಶಬ್ದಮಾಲಿನ್ಯ, ನಿದ್ರಾಭಂಗ. ಯಂತ್ರ ತಪ್ಪು ಮಾಡಿರಲಿಲ್ಲ. ಆ ಎರಡು ಪದಗಳನ್ನು ಹಾಕುವ ಬಹಳ ಜನರಿಗೆ ಬೇಕಾದದ್ದು ಅದೇ ಇರಬಹುದು. ಅವಳ ಕುತೂಹಲ ಇದ್ದದ್ದು "ದೂರದ" ಮತ್ತು "ಏಕೆ" ಎಂಬ ಪದಗಳಲ್ಲಿ, ಅವನ್ನೇ ಅವಳು ತೆಗೆದುಹಾಕಿದ್ದಳು.

ಹಿಂದೆ ಇಂಥ ಸಣ್ಣ ಪದಗಳಿಗೆ ಬೆಲೆ ಇರಲಿಲ್ಲ ಎಂಬುದು ನಿಜ. ವಿರಳವಾದ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ ಎಂಬ ಸೂತ್ರವನ್ನು ಬ್ರಿಟಿಷ್ ಗಣಕವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮುಂದಿಟ್ಟರು. ಅದು ಇಂದಿಗೂ ಉಪಯುಕ್ತ. ಆದರೆ 2019ರಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ಪ್ರತಿ ಪದವನ್ನೂ ಸುತ್ತಲಿನ ಪದಗಳೊಡನೆ ಓದುವ ಬರ್ಟ್ ಎಂಬ ಭಾಷಾ ಮಾದರಿಯನ್ನು ಸೇರಿಸಿದಾಗ ಕೊಟ್ಟ ಉದಾಹರಣೆ ನೋಡಿ: `2019 brazil traveler to usa need a visa`. ಇಲ್ಲಿ `to` ಎಂಬ ಪುಟ್ಟ ಪದವೇ ಬ್ರೆಜಿಲ್‌ನವರು ಅಮೆರಿಕಕ್ಕೆ ಹೋಗುತ್ತಿದ್ದಾರೆ ಎಂದು ಹೇಳುತ್ತದೆ. ಅದನ್ನು ಗಮನಿಸದ ಹಳೆಯ ವಿಧಾನ, ಬ್ರೆಜಿಲ್‌ಗೆ ಹೋಗುವ ಅಮೆರಿಕನ್ನರ ಮಾಹಿತಿಯನ್ನು ತೋರಿಸುತ್ತಿತ್ತು.

ಹೀಗಾಗಿ ಅದೇ ಪೂರ್ತಿ ಪ್ರಶ್ನೆಯನ್ನು ಶೋಧಯಂತ್ರಕ್ಕೆ ಕೊಡು ಎಂದೆ. ಈ ಬಾರಿ ಫಲಿತಾಂಶಗಳ ಮೊದಲಲ್ಲೇ ವಿವರಣೆ ಸಿಕ್ಕಿತು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚು. ಆದ್ದರಿಂದ ಮೇಲಕ್ಕೆ ಹೋದ ಅಲೆಯ ಮೇಲ್ಭಾಗ ಕೆಳಭಾಗಕ್ಕಿಂತ ಮುಂದಾಗಿ, ಅಲೆ ಕೆಳಕ್ಕೆ ಬಾಗಿ ದೂರದಲ್ಲಿ ನೆಲ ಮುಟ್ಟುತ್ತದೆ. ಸುತ್ತಲಿನ ಗದ್ದಲ ಕಡಿಮೆ ಇರುವುದೂ ಒಂದು ಕಾರಣ. ವಿವರಣೆಯ ನಡುವೆ ಅವಳಿಗೆ ಅದುವರೆಗೆ ಹೊಳೆಯದ ಎರಡು ಮಾತುಗಳಿದ್ದವು: ಅಲೆ ಹೀಗೆ ಬಾಗುವುದಕ್ಕೆ ವಕ್ರೀಭವನ, ಮೇಲಿನ ಗಾಳಿಯೇ ಹೆಚ್ಚು ಬೆಚ್ಚಗಿರುವುದಕ್ಕೆ ತಾಪಮಾನ ವಿಲೋಮ.

ನನ್ನ ವಾದದ ಜೀವಾಳ ಇಲ್ಲಿದೆ. ಪ್ರಶ್ನೆ ಕೇಳುವವರ ಪದಗಳು ಒಂದು, ಉತ್ತರ ಬಲ್ಲವರ ಪದಗಳು ಇನ್ನೊಂದು. ಮುಖ್ಯ ಪದಗಳನ್ನು ಹಾಕು ಎಂದು ಹೇಳಿದರೆ, ಇನ್ನೂ ತಿಳಿಯದ ವಿಷಯದ ಪರಿಭಾಷೆಯನ್ನು ಆ ಹುಡುಗಿ ಎಲ್ಲಿಂದ ತರಬೇಕು? ಅದು ಗೊತ್ತಿಲ್ಲದಾಗ ಪೂರ್ತಿ ಪ್ರಶ್ನೆಯೇ ಅವಳಿಗೆ ದಾರಿ.

ಅಲ್ಲಿಗೇ ಮುಗಿಯಲಿಲ್ಲ. ಅವಳು ಕ್ಯಾಟಲಾಗಿಗೆ ಮರಳಿ "ಶಬ್ದ ವಕ್ರೀಭವನ" ಎಂದು ಹಾಕಿದಳು. ಮತ್ತೆ ಸೊನ್ನೆ. ಕ್ಯಾಟಲಾಗಿಗೆ ಶೀರ್ಷಿಕೆ, ಲೇಖಕರು, ವಿಷಯಶೀರ್ಷಿಕೆಗಳಷ್ಟೇ ಕಾಣುತ್ತವೆ, ಪುಸ್ತಕದ ಒಳಗಿನ ಅಧ್ಯಾಯ ಕಾಣುವುದಿಲ್ಲ. ಇಂಥ ಕಡೆ ಪದವನ್ನು ಕಡಿಮೆ ಮಾಡಿ ವಿಷಯವನ್ನು ಹಿಗ್ಗಿಸಬೇಕು. "ಧ್ವನಿವಿಜ್ಞಾನ" ಎಂಬ ಒಂದೇ ಪದಕ್ಕೆ ಒಂದು ಕಪಾಟಿನ ಸಂಖ್ಯೆ ಸಿಕ್ಕಿತು. ಅಲ್ಲಿದ್ದ ಪುಸ್ತಕವೊಂದರಲ್ಲಿ ವಕ್ರೀಭವನಕ್ಕೇ ಮೀಸಲಾದ ಅಧ್ಯಾಯವಿತ್ತು. ಗಾಳಿ ಬೀಸುವ ದಿಕ್ಕಿನಲ್ಲೂ ಶಬ್ದ ಕೆಳಕ್ಕೆ ಬಾಗುತ್ತದೆ ಎಂದು ಅದರಲ್ಲಿ ಓದಿದವಳು ಮತ್ತೆ ನನ್ನ ಮೇಜಿನ ಬಳಿ ಬಂದು, "ಹಾಗಾದರೆ ಗಾಳಿಗೆ ಎದುರಾಗಿ ನಿಂತು ಕೂಗಿದರೆ ಏಕೆ ಕೇಳುವುದಿಲ್ಲ, ಮೇಡಂ?" ಎಂದಳು. ಇದನ್ನು ಮೊದಲು ಪೂರ್ತಿಯಾಗಿಯೇ ಬರೆದು ಹುಡುಕು ಎಂದೆ.